ನರ ಗೊತ್ತಾಯಿತು, ಜಾಗ ಗೊತ್ತಾಗಲಿಲ್ಲ: ಕಣ್ಣು, ಮುಖ, ನುಂಗುವಿಕೆ ಪ್ರಶ್ನೆಗಳಲ್ಲಿ ಪೆಟ್ಟು ಎಲ್ಲಿದೆ ಅಂತ ಹಿಡಿಯುವುದು

ನ್ಯೂರೋಅನಾಟಮಿ ಪ್ರಶ್ನೆಗಳಲ್ಲಿ ಹೆಚ್ಚಿನವರು ತಪ್ಪುವುದು ನರ ಗುರುತಿಸುವುದರಲ್ಲಿ ಅಲ್ಲ. ಕಣ್ಣು ಹೊರಗೆ ಹೋಗುತ್ತಿಲ್ಲ ಅಂದರೆ 6ನೇ ನರ, ಬಾಯಿ ಸೊಟ್ಟಗಾಗಿದೆ ಅಂದರೆ 7ನೇ ನರ, ಇದು ಎಲ್ಲರಿಗೂ ಗೊತ್ತು. ಆದರೆ ಪ್ರಶ್ನೆ ಕೇಳುವುದು 'ಯಾವ ನರ' ಅಂತ ಅಲ್ಲ, 'ಎಲ್ಲಿ' ಅಂತ. ಒಂದೇ ನರಕ್ಕೆ ಮಿದುಳಿನ ಮೇಲ್ಪದರದಲ್ಲಿ ಪೆಟ್ಟು ಬೀಳಬಹುದು, ಬ್ರೈನ್‌ಸ್ಟೆಮ್ ಒಳಗಿನ ನ್ಯೂಕ್ಲಿಯಸ್‌ನಲ್ಲಿ ಬೀಳಬಹುದು, ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬರುವ ದಾರಿಯಲ್ಲಿ ಬೀಳಬಹುದು, ತಲೆಬುರುಡೆಯ ತೂತಿನಲ್ಲಿ ಬೀಳಬಹುದು. ಕೊನೆಗೆ ನರ ಸ್ನಾಯುವಿಗೆ ಸೇರುವ ಜಾಗದಲ್ಲೂ ತೊಂದರೆ ಆಗಬಹುದು. ಇಷ್ಟರಲ್ಲಿ ಯಾವುದು ಅಂತ ಹೇಳುವುದು ಆ ನರ ಅಲ್ಲ, ಅದರ ಅಕ್ಕಪಕ್ಕದವರು. ಯಾರಿಗೆ ಏಟು ಬಿದ್ದಿದೆ, ಯಾರು ತಪ್ಪಿಸಿಕೊಂಡಿದ್ದಾರೆ ಅನ್ನುವುದನ್ನು ಎರಡೂ ನೋಡಬೇಕು.

ಕರೆಂಟು ಹೋದಾಗ ನಾವು ಮಾಡುವುದೂ ಇದೇ ಅಲ್ವಾ. ನಮ್ಮ ಒಂದು ಬಲ್ಬು ಮಾತ್ರ ಹೋಯಿತಾ, ಇಡೀ ಮನೆಯದ್ದಾ, ಪಕ್ಕದ ಮನೆಯದ್ದೂ ಹೋಗಿದೆಯಾ ಅಂತ ಮೊದಲು ಇಣುಕಿ ನೋಡುತ್ತೇವೆ.

ಮೊದಲು ಒಂದು ಪ್ರಶ್ನೆ, ಪೂರ್ತಿಯಾಗಿ

64 ವರ್ಷದ ವ್ಯಕ್ತಿ. ಬೆಳಿಗ್ಗೆ ಎದ್ದಾಗ ಬಲಗೈ, ಬಲಗಾಲಿನಲ್ಲಿ ಶಕ್ತಿ ಇಲ್ಲ. ಎಡ ಹುಬ್ಬು ಏರಿಸಲು ಆಗುವುದಿಲ್ಲ, ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ, ನಕ್ಕರೆ ಬಾಯಿ ಬಲಕ್ಕೆ ಎಳೆಯುತ್ತದೆ. ಎಡಕ್ಕೆ ನೋಡಿ ಅಂದರೆ ಎರಡೂ ಕಣ್ಣು ನಡುವಿನ ಗೆರೆ ದಾಟುವುದಿಲ್ಲ. ಬಲಕ್ಕೆ ನೋಡುವುದು ಸರಿಯಾಗಿದೆ. ಮೂಗಿನ ಹತ್ತಿರ ಬೆರಳು ತಂದರೆ ಎರಡೂ ಕಣ್ಣು ಚೆನ್ನಾಗಿ ಒಳಗೆ ತಿರುಗುತ್ತವೆ. ನುಂಗುವುದು ಸರಿ, ನಾಲಿಗೆ ನೇರ, ಕಣ್ಣಿನ ಪಾಪೆಗಳು ಎರಡೂ ಸಮ.

ಆಯ್ಕೆಗಳನ್ನು ಇನ್ನೂ ನೋಡಬೇಡಿ. ಆಯ್ಕೆ ನೋಡಿದ ಕೂಡಲೇ ತಲೆ ಅದಕ್ಕೆ ತಕ್ಕ ಹಾಗೆ ವಿವರ ಹೊಂದಿಸಲು ಶುರು ಮಾಡುತ್ತದೆ.

ಮುಖದಿಂದ ಶುರು ಮಾಡೋಣ, ಏಕೆಂದರೆ ಅದರಲ್ಲಿ ಗೊಂದಲ ಕಡಿಮೆ. ಬಾಯಿ ಬಲಕ್ಕೆ ಎಳೆದಿದೆ ಅಂದರೆ ಬಲಗಡೆ ಸ್ನಾಯು ಗಟ್ಟಿ ಇದೆ, ಸೋತದ್ದು ಎಡ. ಇದನ್ನು ಉಲ್ಟಾ ಓದುವವರು ಬಹಳ ಮಂದಿ, ಆಮೇಲೆ ಇಡೀ ಉತ್ತರವೇ ಉಲ್ಟಾ ಆಗುತ್ತದೆ. ಇನ್ನು ಹಣೆ. ಹಣೆಯ ಸ್ನಾಯುಗಳಿಗೆ ಎರಡೂ ಕಡೆಯ ಕಾರ್ಟೆಕ್ಸ್‌ನಿಂದ ಆದೇಶ ಬರುತ್ತದೆ. ಹಾಗಾಗಿ ಒಂದು ಕಡೆಯ ಕಾರ್ಟೆಕ್ಸ್ ಹೋದರೂ ಹುಬ್ಬು ಏರುತ್ತದೆ, ಬಾಯಿಯ ಕಡೆಯ ಭಾಗ ಮಾತ್ರ ಸೋಲುತ್ತದೆ. ಇಲ್ಲಿ ಹುಬ್ಬೂ ಏರುತ್ತಿಲ್ಲ, ಕಣ್ಣೂ ಮುಚ್ಚುತ್ತಿಲ್ಲ. ಅಂದರೆ ಪೆಟ್ಟು ಎಡ 7ನೇ ನರದ ನ್ಯೂಕ್ಲಿಯಸ್‌ನಲ್ಲಿ ಅಥವಾ ಅದರ ಮುಂದಿನ ದಾರಿಯಲ್ಲಿ. ಮೇಲ್ಪದರ ಲೆಕ್ಕದಿಂದ ಹೊರಗೆ.

ಈಗ ಕೈಕಾಲು. ಮುಖ ಎಡ, ಕೈಕಾಲು ಬಲ. ಹೀಗೆ ಅಡ್ಡಡ್ಡ ಬಂದರೆ ಬ್ರೈನ್‌ಸ್ಟೆಮ್ ಬಿಟ್ಟು ಬೇರೆ ಕಡೆ ಹುಡುಕುವುದು ಬೇಡ. ಕೈಕಾಲಿಗೆ ಹೋಗುವ ಕಾರ್ಟಿಕೋಸ್ಪೈನಲ್ ದಾರಿ ಮೆಡುಲ್ಲಾದ ತೀರಾ ಕೆಳಗೆ ಆಚೆ ಬದಿಗೆ ದಾಟುತ್ತದೆ. ಅದಕ್ಕಿಂತ ಮೇಲೆ ಎಡಗಡೆ ಪೆಟ್ಟು ಬಿದ್ದರೆ ಅಲ್ಲಿನ ಕ್ರೇನಿಯಲ್ ನರ ಎಡಕ್ಕೇ ತೊಂದರೆ ಕೊಡುತ್ತದೆ, ಕೈಕಾಲು ಬಲಕ್ಕೆ. ಬದಿ ನಿರ್ಧರಿಸಲು ಯಾವಾಗಲೂ ಕ್ರೇನಿಯಲ್ ನರವನ್ನು ನಂಬಿ, ಕೈಕಾಲನ್ನು ಅಲ್ಲ. (4ನೇ ನರ ಮಾತ್ರ ಒಂದು ಅಪವಾದ. ಅದು ಹೊರಗೆ ಬರುವ ಮೊದಲೇ ಆಚೆ ಬದಿಗೆ ದಾಟುತ್ತದೆ, ಹಾಗಾಗಿ ಅದರ ನ್ಯೂಕ್ಲಿಯಸ್‌ಗೆ ಎಡದಲ್ಲಿ ಪೆಟ್ಟಾದರೆ ತೊಂದರೆ ಬಲಗಣ್ಣಿಗೆ.)

ಎತ್ತರ ಯಾವುದು? 3, 4 ಮಿಡ್‌ಬ್ರೈನ್. 5ರಿಂದ 8 ಪಾನ್ಸ್. 9ರಿಂದ 12 ಮೆಡುಲ್ಲಾ. ಸ್ಥೂಲ ಲೆಕ್ಕವೇ, ಆದರೂ ಪರೀಕ್ಷೆಗೆ ಸಾಕು. 7 ಹೋಗಿದೆ, ಪಾಪೆ ಸರಿ ಇದೆ, ನುಂಗುವುದು ಸರಿ ಇದೆ. ಹಾಗಾದರೆ ಎಡ ಪಾನ್ಸ್.

ಇಲ್ಲಿಗೆ ಹೆಚ್ಚಿನವರು ನಿಲ್ಲಿಸುತ್ತಾರೆ. ಆಯ್ಕೆಗಳಲ್ಲಿ ಪಾನ್ಸ್ ಒಂದೇ ಸಲ ಇದ್ದರೆ ನಡೆಯುತ್ತದೆ. ಎರಡು ಸಲ ಇದ್ದರೆ ಕಣ್ಣನ್ನು ಸರಿಯಾಗಿ ಓದಲೇಬೇಕು.

ಎರಡೂ ಕಣ್ಣು ಬರುತ್ತಿಲ್ಲವಾ, ಒಂದೇ ಕಣ್ಣಾ?

ಈ ಇಡೀ ಪ್ರಶ್ನೆಯ ಜೀವ ಇರುವುದು ಈ ಒಂದು ಸಾಲಿನಲ್ಲಿ. ಎಡಕ್ಕೆ ನೋಡಬೇಕಾದರೆ ಎಡಗಣ್ಣಿನ ಹೊರ ಸ್ನಾಯು ಮತ್ತು ಬಲಗಣ್ಣಿನ ಒಳ ಸ್ನಾಯು ಒಟ್ಟಿಗೆ ಕೆಲಸ ಮಾಡಬೇಕು. ಮೊದಲನೆಯದು 6ನೇ ನರದ್ದು, ಎರಡನೆಯದು 3ನೇ ನರದ್ದು. ಇಬ್ಬರನ್ನೂ ಜೋಡಿಸುವ ಕೆಲಸ ಮಾಡುವುದು ಎಡ 6ನೇ ನರದ ನ್ಯೂಕ್ಲಿಯಸ್. ಅದರೊಳಗೆ ಎರಡು ಬಗೆಯ ಕೋಶಗಳಿವೆ. ಒಂದು ಬಗೆ ನೇರವಾಗಿ ಎಡಗಣ್ಣಿನ ಹೊರ ಸ್ನಾಯುವಿಗೆ ಹೋಗುತ್ತದೆ. ಇನ್ನೊಂದು ಬಗೆ ಆಚೆ ಬದಿಗೆ ದಾಟಿ, ಎಂಎಲ್‌ಎಫ್ ಅನ್ನುವ ಕಟ್ಟಿನೊಳಗೆ ಮೇಲೇರಿ, ಬಲಗಣ್ಣಿನ ಒಳ ಸ್ನಾಯುವನ್ನು ನೋಡಿಕೊಳ್ಳುವ 3ನೇ ನರದ ಕೋಶಗಳಿಗೆ 'ನೀನೂ ಎಳಿ' ಅಂತ ಹೇಳುತ್ತದೆ.

ಹಾಗಾಗಿ ನ್ಯೂಕ್ಲಿಯಸ್‌ಗೇ ಪೆಟ್ಟು ಬಿದ್ದರೆ ಎರಡೂ ಕಣ್ಣು ಆ ಬದಿಗೆ ಹೋಗುವುದಿಲ್ಲ. ನ್ಯೂಕ್ಲಿಯಸ್ ಬಿಟ್ಟು ಹೊರಗೆ ಬಂದ ಎಳೆಗಳಿಗೆ ಪೆಟ್ಟು ಬಿದ್ದರೆ ಒಂದೇ ಕಣ್ಣು ಹೋಗುವುದಿಲ್ಲ. '6ನೇ ನರದ ತೊಂದರೆ' ಅಂತ ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಕೆಟ್ಟಿತು.

ನಮ್ಮ ಪ್ರಶ್ನೆಯಲ್ಲಿ ಎರಡೂ ಕಣ್ಣು ಬರುತ್ತಿಲ್ಲ. ಹಾಗಾದರೆ ಬಲಗಣ್ಣಿನ ಒಳ ಸ್ನಾಯುವೇ ಹೋಗಿರಬಹುದಾ? ಇಲ್ಲ. ಬೆರಳನ್ನು ಮೂಗಿನ ಹತ್ತಿರ ತಂದಾಗ ಅದೇ ಸ್ನಾಯು ಚೆನ್ನಾಗಿ ಕೆಲಸ ಮಾಡಿದೆ. ಆ ಸಾಲು ಪ್ರಶ್ನೆಯಲ್ಲಿ ಸುಮ್ನೆ ಬಂದದ್ದಲ್ಲ. 3ನೇ ನರ ಸರಿ, ಸ್ನಾಯು ಸರಿ, ಬರಬೇಕಾದ ಆದೇಶ ಮಾತ್ರ ಬಂದಿಲ್ಲ ಅಂತ ಹೇಳಲು ಹಾಕಿದ್ದು.

ಮುಖದ ಜೊತೆ ಈಗ ಇದನ್ನು ಕೂಡಿಸಿ. 7ನೇ ನರದ ಎಳೆಗಳು ತಮ್ಮ ನ್ಯೂಕ್ಲಿಯಸ್‌ನಿಂದ ಹೊರಟು ನೇರವಾಗಿ ಹೊರಗೆ ಹೋಗುವುದಿಲ್ಲ. ಮೊದಲು ಹಿಂದಕ್ಕೆ ಬಂದು, 6ನೇ ನರದ ನ್ಯೂಕ್ಲಿಯಸ್ಸಿಗೆ ಒಂದು ಸುತ್ತು ಹಾಕಿ, ಆಮೇಲೆ ಹೊರಗೆ ಹೋಗುತ್ತವೆ. ಈ ಸುತ್ತಿನಿಂದಾಗಿ 4ನೇ ವೆಂಟ್ರಿಕಲ್‌ನ ನೆಲದ ಮೇಲೆ ಒಂದು ಉಬ್ಬು ಕಾಣುತ್ತದೆ, ಫೇಷಿಯಲ್ ಕೊಲಿಕ್ಯುಲಸ್. ಹೆಸರು ಫೇಷಿಯಲ್, ಒಳಗೆ ಕೂತಿರುವುದು 6ನೇ ನರದ ನ್ಯೂಕ್ಲಿಯಸ್. ಒಂದು ಸಣ್ಣ ಪೆಟ್ಟು ಇಲ್ಲಿ ಬಿದ್ದರೆ ಎಡ ನೋಟವೂ ಎಡ ಮುಖವೂ ಒಟ್ಟಿಗೆ ಹೋಗುತ್ತವೆ.

ಆದರೆ ಈ ಉಬ್ಬು ಪಾನ್ಸ್‌ನ ಹಿಂಭಾಗದಲ್ಲಿದೆ, ಕೈಕಾಲಿನ ದಾರಿ ಮುಂಭಾಗದಲ್ಲಿದೆ. ಬಲಗೈ, ಬಲಗಾಲೂ ಸೋತಿವೆ ಅಂದರೆ ಪೆಟ್ಟು ಬರೀ ಉಬ್ಬಿನಲ್ಲಿ ಇಲ್ಲ, ನಡುಗೆರೆಯ ಪಕ್ಕದಲ್ಲೇ ಮುಂದಕ್ಕೂ ಚಾಚಿದೆ. ಉತ್ತರ: ಎಡ ಪಾನ್ಸ್‌ನ ಕೆಳಭಾಗ, ನಡುಗೆರೆಯ ಬದಿ, ಹಿಂದಿನಿಂದ ಮುಂದಿನವರೆಗೆ. ಹಳೆಯ ಹೆಸರಿನಲ್ಲಿ ಫೋವಿಲ್ ಸಿಂಡ್ರೋಮ್, 1858ರಿಂದ ಇರುವ ಹೆಸರು. ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಜಾಗ ಬಂತಲ್ಲ.

ಒಂದು ಸಾಲು ಬದಲಾದರೆ ಉತ್ತರ ಎಲ್ಲಿಗೆ ಹೋಗುತ್ತದೆ

ಅಭ್ಯಾಸಕ್ಕೆ ಹೊಸ ಪ್ರಶ್ನೆ ಹುಡುಕುವುದಕ್ಕಿಂತ ಇದೇ ಪ್ರಶ್ನೆಯಲ್ಲಿ ಒಂದೊಂದೇ ಸಾಲು ಬದಲಾಯಿಸಿ ನೋಡುವುದು ನನಗೆ ಜಾಸ್ತಿ ಇಷ್ಟ.

ಎಡಕ್ಕೆ ನೋಡಿ ಅಂದಾಗ ಬಲಗಣ್ಣು ಸರಿಯಾಗಿ ಒಳಗೆ ಬರುತ್ತದೆ, ಎಡಗಣ್ಣು ಮಾತ್ರ ಹೊರಗೆ ಹೋಗುವುದಿಲ್ಲ, ವಸ್ತು ಅಕ್ಕಪಕ್ಕ ಎರಡಾಗಿ ಕಾಣುತ್ತದೆ ಅಂದುಕೊಳ್ಳಿ. ಉಳಿದದ್ದು ಹಾಗೇ ಇದೆ. ನ್ಯೂಕ್ಲಿಯಸ್ ಬಚಾವಾಗಿದೆ, ಅದರಿಂದ ಹೊರಟ ಎಳೆಗಳು ಮುಂದಕ್ಕೆ ಬಂದ ಮೇಲೆ ಏಟು ತಿಂದಿವೆ. ಕೈಕಾಲಿನ ದಾರಿಯೂ ಅಲ್ಲೇ ಇದೆ. ಹಾಗಾಗಿ ಪೆಟ್ಟು ಎಡ ಪಾನ್ಸ್‌ನ ಮುಂಭಾಗಕ್ಕೆ ಸರಿಯಿತು. ಇದು ಮಿಲ್ಲಾರ್ಡ್ ಗುಬ್ಲರ್. ಎರಡು ಆಯ್ಕೆಯಲ್ಲೂ ಪಾನ್ಸ್ ಇದ್ದಾಗ ವ್ಯತ್ಯಾಸ ಇಷ್ಟೇ: ನೋಟ ಹೋಯಿತಾ, ಕಣ್ಣು ಹೋಯಿತಾ.

ಇನ್ನೊಂದು. ಎಡಕ್ಕೆ ಎರಡೂ ಕಣ್ಣು ಹೋಗುವುದಿಲ್ಲ, ಅದರ ಮೇಲೆ ಬಲಕ್ಕೆ ನೋಡಿದಾಗ ಎಡಗಣ್ಣು ಒಳಗೂ ಬರುವುದಿಲ್ಲ. ಅಡ್ಡ ಚಲನೆಯಲ್ಲಿ ಉಳಿದದ್ದು ಬಲಗಣ್ಣು ಹೊರಗೆ ಹೋಗುವುದೊಂದೇ, ಅದೂ ಅದುರುತ್ತಾ. ಎಡ 6ನೇ ನ್ಯೂಕ್ಲಿಯಸ್ ಜೊತೆಗೆ ಅದರ ಪಕ್ಕದಲ್ಲೇ ಹಾದು ಹೋಗುವ ಎಡ ಎಂಎಲ್‌ಎಫ್ ಕೂಡ ಕತ್ತರಿಸಿದೆ. ಆ ಎಡ ಎಂಎಲ್‌ಎಫ್ ಒಳಗಿನ ಎಳೆಗಳು ಬಲ 6ನೇ ನ್ಯೂಕ್ಲಿಯಸ್‌ನಿಂದ ದಾಟಿ ಬಂದವು, ಎಡಗಣ್ಣಿನ ಒಳ ಸ್ನಾಯುವಿಗೆ ಹೋಗುವವು. ಇದಕ್ಕೆ 'ಒಂದೂವರೆ' ಅಂತಲೇ ಹೆಸರು: ಒಂದು ಬದಿಯ ನೋಟ ಪೂರ್ತಿ, ಇನ್ನೊಂದು ಬದಿಯದ್ದು ಅರ್ಧ.

ಮೂರನೆಯದು ನಿಜವಾದ ಬಲೆ. ಬಲಗೈ, ಬಲಗಾಲು ಸೋತಿವೆ, ಆದರೆ ಮುಖದಲ್ಲಿ ಬಲಗಡೆ ಬಾಯಿಯ ಭಾಗ ಮಾತ್ರ ಸೋತಿದೆ, ಹಣೆ ಸರಿ ಇದೆ. ಕಣ್ಣು ಎರಡೂ ಎಡಕ್ಕೆ ತಿರುಗಿ ನಿಂತಿವೆ, ಬಲಕ್ಕೆ ಬರುವುದಿಲ್ಲ. ಇಲ್ಲೂ ನೋಟವೇ ಹೋಗಿದೆ, ಇಲ್ಲೂ ಬಲ ಕೈಕಾಲೇ. ಆದರೆ ಈಗ ಪೆಟ್ಟು ಎಡ ಫ್ರಂಟಲ್ ಭಾಗದಲ್ಲಿ. ಎಡ ಫ್ರಂಟಲ್ ಕಾರ್ಟೆಕ್ಸ್ ಕಣ್ಣನ್ನು ಬಲಕ್ಕೆ ತಳ್ಳುತ್ತದೆ, ಅದು ಸೋತಾಗ ಎದುರಾಳಿ ಗೆದ್ದು ಕಣ್ಣು ಎಡಕ್ಕೆ ಬರುತ್ತದೆ. ಅಂದರೆ ಕಣ್ಣು ಪೆಟ್ಟು ಬಿದ್ದ ಕಡೆಗೆ, ಸೋತ ಕೈಕಾಲಿನಿಂದ ಆಚೆಗೆ ನೋಡುತ್ತದೆ. ಪಾನ್ಸ್‌ನಲ್ಲಿ ಇದು ಉಲ್ಟಾ: ಎಡ ಪಾನ್ಸ್ ಹೋದರೆ ಎಡಕ್ಕೆ ನೋಡಲು ಆಗುವುದಿಲ್ಲ, ಕಣ್ಣು ಬಲಕ್ಕೆ, ಸೋತ ಕೈಕಾಲಿನ ಕಡೆಗೇ ವಾಲುತ್ತದೆ.

ಇಷ್ಟಾದರೂ ಅನುಮಾನ ಇದ್ದರೆ ತಲೆ ತಿರುಗಿಸಿದಾಗ ಏನಾಯಿತು ಅಂತ ಪ್ರಶ್ನೆಯಲ್ಲಿ ಹುಡುಕಿ. ರೋಗಿಯ ತಲೆಯನ್ನು ಬೇಗನೆ ಎಡಕ್ಕೆ ತಿರುಗಿಸಿದರೆ ಕಣ್ಣು ಬಲಕ್ಕೆ ಹೋಗಬೇಕು. ಕಿವಿಯ ಒಳಗಿನ ಸಮತೋಲನದ ಅಂಗದಿಂದ ಬರುವ ಈ ಆದೇಶ ಕಾರ್ಟೆಕ್ಸ್ ಹತ್ತಿರ ಹೋಗುವುದೇ ಇಲ್ಲ, ನೇರವಾಗಿ 6ನೇ ನ್ಯೂಕ್ಲಿಯಸ್‌ಗೆ ಬರುತ್ತದೆ. ಹಾಗಾಗಿ ಫ್ರಂಟಲ್ ಪೆಟ್ಟಿನಲ್ಲಿ, ತಾನಾಗಿ ಬಲಕ್ಕೆ ಬಾರದ ಕಣ್ಣು ಈ ಪರೀಕ್ಷೆಯಲ್ಲಿ ಬರುತ್ತದೆ. ನ್ಯೂಕ್ಲಿಯಸ್ಸೇ ಹೋಗಿದ್ದರೆ ಏನು ಮಾಡಿದರೂ ಬರುವುದಿಲ್ಲ. ಒಂದು ಎಚ್ಚರಿಕೆ: ಫಿಟ್ಸ್ ನಡೆಯುತ್ತಿರುವಾಗ ಫ್ರಂಟಲ್ ಭಾಗ ಸೋತಿರುವುದಿಲ್ಲ, ಅತಿಯಾಗಿ ಕೆಲಸ ಮಾಡುತ್ತಿರುತ್ತದೆ, ಆಗ ಕಣ್ಣು ಪೆಟ್ಟಿನ ಕಡೆಯಿಂದ ಆಚೆಗೆ ತಿರುಗುತ್ತದೆ.

ಕೊನೆಯ ಬದಲಾವಣೆ ಸುಲಭದ್ದು. ಕಣ್ಣಿನ ಚಲನೆ ಸರಿ, ಕೈಕಾಲು ಸರಿ, ಎಡ ಮುಖ ಹಣೆ ಸಮೇತ ಸೋತಿದೆ, ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗಕ್ಕೆ ಎಡಗಡೆ ರುಚಿ ಇಲ್ಲ, ಶಬ್ದ ಕಿವಿಗೆ ಜೋರಾಗಿ ಬಡಿಯುತ್ತದೆ. ರುಚಿಯ ಎಳೆಗಳು 6ನೇ ನ್ಯೂಕ್ಲಿಯಸ್ ಸುತ್ತ ಸುತ್ತುವ ಕಟ್ಟಿನಲ್ಲಿ ಇರುವುದಿಲ್ಲ, ಅವು ಬೇರೆ ದಾರಿಯಿಂದ ಬಂದು 7ನೇ ನರವನ್ನು ಹೊರಗೆ ಸೇರಿಕೊಳ್ಳುತ್ತವೆ. ಹಾಗಾಗಿ ರುಚಿ ಹೋಯಿತು, ಪಕ್ಕದ ನರ ಯಾವುದೂ ಹೋಗಿಲ್ಲ ಅಂದರೆ ಕಿವಿಯ ಮೂಳೆಯೊಳಗಿನ ಫೇಷಿಯಲ್ ಕೆನಾಲ್ ನೋಡಿ.

ರೆಪ್ಪೆಯ ಸಾಲನ್ನು ಎರಡು ಸಲ ಓದಿ

ಕಣ್ಣು ತೆರೆಯುವುದು 3, ಮುಚ್ಚುವುದು 7. ರೆಪ್ಪೆ ಇಳಿಬಿದ್ದಿದೆ ಅಂತ ಬರೆದಿದ್ದರೆ 7ನೇ ನರವನ್ನು ಮರೆತುಬಿಡಿ. ಇಳಿಬಿದ್ದ ರೆಪ್ಪೆಯ ಕೆಳಗೆ ಪಾಪೆ ದೊಡ್ಡದಾಗಿದ್ದು ಕಣ್ಣು ಹೊರಗೆ ಕೆಳಗೆ ತಿರುಗಿದ್ದರೆ 3ನೇ ನರ. ರೆಪ್ಪೆ ಸ್ವಲ್ಪವೇ ಇಳಿದು ಪಾಪೆ ಚಿಕ್ಕದಾಗಿದ್ದರೆ ಹಾರ್ನರ್, ಅಂದರೆ ಸಿಂಪಥೆಟಿಕ್ ದಾರಿ. ಪಾಪೆ ಕಿರಿದು ಮಾಡುವ ಎಳೆಗಳು 3ನೇ ನರದ ಹೊರಮೈಯಲ್ಲಿ ಇರುವುದರಿಂದ, ಹೊರಗಿನಿಂದ ಅನ್ಯೂರಿಸಂ ಒತ್ತಿದರೆ ಪಾಪೆ ಬೇಗ ಹಿಗ್ಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರದ ಒಳಗಿನ ಸಣ್ಣ ರಕ್ತನಾಳ ಹಾಳಾದಾಗ ಪಾಪೆ ಸಾಮಾನ್ಯವಾಗಿ ಉಳಿಯುತ್ತದೆ. ಪ್ರಶ್ನೆಪತ್ರಿಕೆಗೆ ಇದು ಸಾಕು. ನಿಜವಾದ ರೋಗಿಯಲ್ಲಿ ಪಾಪೆ ಸರಿ ಇದೆ ಅಂತ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ನುಂಗಲು ಆಗುತ್ತಿಲ್ಲ ಅಂದಾಗ

ಹೀಗೊಂದು ವಿವರಣೆ ಕೊಟ್ಟರು ಅನ್ನೋಣ: ಇದ್ದಕ್ಕಿದ್ದಂತೆ ತಲೆ ಸುತ್ತು, ದನಿ ಒಡೆದಿದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ. ಬಾಯಿ ತೆರೆದು 'ಆ' ಅಂದರೆ ಕಿರುನಾಲಿಗೆ ಎಡಕ್ಕೆ ಹೋಗುತ್ತದೆ. ಬಲ ರೆಪ್ಪೆ ಸ್ವಲ್ಪ ಇಳಿದಿದೆ, ಬಲ ಪಾಪೆ ಚಿಕ್ಕದು. ಬಲ ಮುಖಕ್ಕೆ ಸೂಜಿ ಚುಚ್ಚಿದರೆ ನೋವಿಲ್ಲ, ಎಡ ಕೈಕಾಲಿಗೆ ಚುಚ್ಚಿದರೂ ನೋವಿಲ್ಲ. ಕೈಕಾಲಿನ ಶಕ್ತಿ ಪೂರ್ತಿ ಇದೆ. ನಾಲಿಗೆ ಚಾಚಿದರೆ ನೇರ.

ಇಲ್ಲಿ ಮೊದಲ ಎಡವಟ್ಟು ಕಿರುನಾಲಿಗೆಯಲ್ಲಿ. ಅಂಗುಳನ್ನು ಎತ್ತುವ ಸ್ನಾಯು ಅದನ್ನು ತನ್ನ ಕಡೆಗೆ ಎಳೆಯುತ್ತದೆ. ಬಲ ಸೋತರೆ ಎಡ ಗೆಲ್ಲುತ್ತದೆ, ಕಿರುನಾಲಿಗೆ ಎಡಕ್ಕೆ. ಅಂದರೆ ಪೆಟ್ಟಿನಿಂದ ದೂರ. ನಾಲಿಗೆಯ ಸ್ನಾಯು ಎಳೆಯುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಬಲ 12ನೇ ನರ ಸೋತರೆ ಎಡ ಸ್ನಾಯು ತಳ್ಳಿ ನಾಲಿಗೆ ಬಲಕ್ಕೆ ಹೋಗುತ್ತದೆ, ಪೆಟ್ಟಿನ ಕಡೆಗೇ. ಎಳೆಯುವುದು, ತಳ್ಳುವುದು ಅಂತ ನೆನಪಿಟ್ಟರೆ ಬಾಯಿಪಾಠ ಬೇಕಾಗುವುದಿಲ್ಲ.

ಈಗ ಬಲ 10ನೇ ನರ ಅಂತ ಆಯಿತು. ಎಲ್ಲಿ? ತಲೆಬುರುಡೆಯ ಜ್ಯುಗುಲರ್ ಫೊರಾಮೆನ್ ತೂತಿನಲ್ಲೂ ಈ ನರ ಸಿಗುತ್ತದೆ. ಆದರೆ ಅಲ್ಲಿ ಪೆಟ್ಟಾದರೆ ಜೊತೆಗೆ 9 ಮತ್ತು 11 ಹೋಗಬೇಕು, ಭುಜ ಎತ್ತಲು ಕಷ್ಟ ಆಗಬೇಕು. ಮೈಯ ಇನ್ನೊಂದು ಬದಿಯ ನೋವಿನ ಅರಿವು ಹೋಗಲು ಸಾಧ್ಯವೇ ಇಲ್ಲ, ಏಕೆಂದರೆ ಮೈಯ ದಾರಿ ಆ ತೂತಿನಲ್ಲಿ ಇಲ್ಲ. ಮುಖ ಬಲ, ಮೈ ಎಡ, ಮತ್ತೆ ಅಡ್ಡಡ್ಡ. ಮೆಡುಲ್ಲಾದ ಒಳಗೇ ಪೆಟ್ಟು, ಬಲಗಡೆ.

ನಡುವಿನಲ್ಲಾ, ಅಂಚಿನಲ್ಲಾ? ಇಲ್ಲಿ ತಪ್ಪಿಸಿಕೊಂಡವರು ಮಾತಾಡುತ್ತಾರೆ. ನಡುಗೆರೆಯ ಪಕ್ಕ ಇರುವುದು ಕೈಕಾಲಿನ ಶಕ್ತಿಯ ದಾರಿ ಮತ್ತು 12ನೇ ನರದ ನ್ಯೂಕ್ಲಿಯಸ್. ಎರಡೂ ಸರಿ ಇವೆ. ಒಂದು ಸುಲಭದ ಲೆಕ್ಕ ಇದೆ: 12ನ್ನು ಸರಿಯಾಗಿ ಭಾಗಿಸುವ 3, 4, 6, 12ನೇ ನರಗಳ ಚಲನೆಯ ನ್ಯೂಕ್ಲಿಯಸ್‌ಗಳು ನಡುಗೆರೆಯ ಹತ್ತಿರ, ಉಳಿದವು ಅಂಚಿನ ಕಡೆಗೆ. (1 ಮತ್ತು 2ನೇ ನರ ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಬ್ರೈನ್‌ಸ್ಟೆಮ್‌ನವೇ ಅಲ್ಲ.) ಹಾಗಾಗಿ ಬಲ ಮೆಡುಲ್ಲಾದ ಅಂಚು, ಅಂದರೆ 1895ರಲ್ಲಿ ಅಡಾಲ್ಫ್ ವಾಲನ್‌ಬರ್ಗ್ ವಿವರಿಸಿದ ಸಿಂಡ್ರೋಮ್. ರಕ್ತನಾಳ ಕೇಳಿದರೆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪೈಕಾ ಬರೆಯುತ್ತಾರೆ, ವಾಸ್ತವದಲ್ಲಿ ಹೆಚ್ಚು ಸಲ ಕಟ್ಟಿಕೊಂಡಿರುವುದು ವರ್ಟಿಬ್ರಲ್ ಧಮನಿ. ಇದೇ ಚಿತ್ರಕ್ಕೆ ಬಲ ಮುಖದ ಸೋಲು ಮತ್ತು ಬಲ ಕಿವುಡು ಸೇರಿ ನುಂಗುವುದು ಸರಿ ಇದ್ದರೆ, ಒಂದು ಮೆಟ್ಟಿಲು ಮೇಲೆ, ಪಾನ್ಸ್‌ನ ಅಂಚಿಗೆ ಹೋಗಿ.

ನುಂಗಲು ಕಷ್ಟ ಆದರೆ ಕಿರುನಾಲಿಗೆ ಯಾವ ಕಡೆಗೂ ವಾಲಿಲ್ಲ, ದವಡೆಯ ರಿಫ್ಲೆಕ್ಸ್ ಜೋರಾಗಿದೆ, ರೋಗಿ ಕಾರಣವಿಲ್ಲದೆ ಅಳುತ್ತಾನೆ, ನಗುತ್ತಾನೆ ಅಂತ ಇದ್ದರೆ ಮೆಡುಲ್ಲಾ ಬಿಡಿ. ಎರಡೂ ಬದಿಯ ಮೇಲಿನ ದಾರಿಗಳು ಹಾಳಾಗಿವೆ, ಅದು ಸ್ಯೂಡೋಬಲ್ಬರ್. ಒಂದು ಕಡೆ ಮಾತ್ರ ಹೋದರೆ ನುಂಗುವುದು ಇಷ್ಟು ಕೆಡುವುದು ಅಪರೂಪ, ಹಣೆಯ ಹಾಗೆ ಇಲ್ಲೂ ಎರಡೂ ಬದಿಯಿಂದ ಆದೇಶ ಬರುತ್ತದೆ.

ಈ ವಿಧಾನ ಕೈಕೊಡುವ ಎರಡು ಜಾಗ

ಒಂದು, ತಲೆಬುರುಡೆಯೊಳಗೆ ಒತ್ತಡ ಏರಿದಾಗ. 6ನೇ ನರ ಪಾನ್ಸ್ ಮತ್ತು ಮೆಡುಲ್ಲಾ ಕೂಡುವಲ್ಲಿ ಹೊರಗೆ ಬಂದು, ಮೇಲೇರಿ, ಮೂಳೆಯ ಅಂಚಿನಲ್ಲಿ ಬಾಗಿ ಮುಂದೆ ಹೋಗುತ್ತದೆ. ಒತ್ತಡ ಎಲ್ಲಿಂದ ಬಂದರೂ ಈ ನರ ಜಗ್ಗುತ್ತದೆ. ತಲೆನೋವು, ವಾಂತಿ, ಕಣ್ಣಿನ ಹಿಂಪರದೆಯಲ್ಲಿ ನರ ಊದಿಕೊಂಡಿರುವುದು, ಜೊತೆಗೆ ಒಂದು ಅಥವಾ ಎರಡೂ ಕಣ್ಣು ಹೊರಗೆ ಹೋಗದಿರುವುದು, ಬೇರೇನೂ ಇಲ್ಲ. ಇಲ್ಲಿ ಪಾನ್ಸ್ ಅಂತ ಬರೆದರೆ ತಪ್ಪು. ಮುಖ ಸರಿ ಇದೆ, ಕೈಕಾಲು ಸರಿ ಇದೆ, ಪಕ್ಕದವರು ಯಾರೂ ದೂರು ಕೊಟ್ಟಿಲ್ಲ.

ಇನ್ನೊಂದು, ಪೆಟ್ಟು ನರದಲ್ಲೇ ಇಲ್ಲದಿರುವುದು. ರೆಪ್ಪೆ ಇಳಿದಿದೆ, ಎರಡು ಕಾಣುತ್ತದೆ, ನಗು ಸಪ್ಪೆ, ಊಟದ ಕೊನೆಗೆ ನುಂಗಲು ಕಷ್ಟ, ಮಾತು ಮೂಗಿನಿಂದ. 3, 6, 7, 10 ಎಲ್ಲವೂ ಹೋದ ಹಾಗಿದೆ, ಎರಡೂ ಬದಿಯಲ್ಲಿ. ಇಷ್ಟನ್ನೂ ಒಂದೇ ಜಾಗದಲ್ಲಿ ಕೂರಿಸಲು ಹೊರಟರೆ ಮಿಡ್‌ಬ್ರೈನ್‌ನಿಂದ ಮೆಡುಲ್ಲಾವರೆಗೆ ಉದ್ದದ ಪೆಟ್ಟು ಬೇಕಾಗುತ್ತದೆ, ಅಷ್ಟಾಗಿಯೂ ಕೈಕಾಲಿಗೆ, ಚರ್ಮದ ಅರಿವಿಗೆ ಏನೂ ಆಗಿರಬಾರದು. ಅದು ನಡೆಯುವ ಮಾತಲ್ಲ. ಪಾಪೆ ನೋಡಿ, ಸಂಜೆಗೆ ಜಾಸ್ತಿಯಾಗುತ್ತದೆಯಾ ನೋಡಿ. ಪಾಪೆ ಸರಿ ಇದ್ದು, ದಣಿದಷ್ಟೂ ಹೆಚ್ಚಾಗುತ್ತಿದ್ದರೆ ಅದು ಮಯಸ್ತೀನಿಯಾ, ನರ ಸ್ನಾಯುವಿಗೆ ಸೇರುವ ಜಾಗದ ಕಾಯಿಲೆ. ಪಾಪೆಗಳು ಹಿಗ್ಗಿ ಬೆಳಕಿಗೆ ಸ್ಪಂದಿಸದೆ, ಬಾಯಿ ಒಣಗಿ, ದೌರ್ಬಲ್ಯ ಮುಖದಿಂದ ಕೆಳಗೆ ಇಳಿಯುತ್ತಾ ಒಂದೆರಡು ದಿನದಲ್ಲಿ ಕೈಕಾಲಿಗೆ ಬಂದರೆ ಬೊಟ್ಯುಲಿಸಂ ನೆನಪಿಸಿಕೊಳ್ಳಿ. ಅದೂ ಅದೇ ಜಂಕ್ಷನ್‌ನ ತೊಂದರೆ, ಆದರೆ ಅದು ಪಾಪೆಯನ್ನು ಬಿಡುವುದಿಲ್ಲ.